ಹೊರಳಿಸುತ್ತಿದ್ದರೂ ಗುರುತು ಬೀಳುತ್ತಿದೆಯೇ? ಹಾಸಿಗೆ ಹುಣ್ಣಿನ ಕಾರಣ ಹುಡುಕುವ ಬಗೆ

ಹಾಸಿಗೆ ಹಿಡಿದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಎಲ್ಲರೂ ಹೇಳುತ್ತಾರೆ. ಮನೆಯವರು ಅಲಾರಂ ಇಟ್ಟುಕೊಂಡು, ನಿದ್ದೆಗೆಟ್ಟು ಹಾಗೇ ಮಾಡುತ್ತಾರೆ. ಆದರೂ ಒಂದು ದಿನ ಸೊಂಟದ ಕೆಳಗೋ ಹಿಮ್ಮಡಿಯಲ್ಲೋ ಗುರುತು ಏಳುತ್ತದೆ. ಆಗ ಹೊರಳಿಸಿದ್ದು ಸಾಲದಾಯಿತು ಎಂದು ಕೊರಗುತ್ತಾ ಕೂರಬೇಡಿ. ಗುರುತು ಯಾವ ಜಾಗದಲ್ಲಿದೆ, ಯಾವ ಆಕಾರದಲ್ಲಿದೆ ಎಂದು ಮೊದಲು ನೋಡಿ. ಅಲ್ಲಿ ಒತ್ತಿದ್ದು ಏನು ಎಂಬುದು ಹೆಚ್ಚಾಗಿ ಅದರಿಂದಲೇ ಗೊತ್ತಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಮೂಳೆಗೂ ಹಾಸಿಗೆಗೂ ನಡುವೆ ಚರ್ಮ, ಮಾಂಸ ಸಿಕ್ಕಿ ಹಿಸುಕಿದಂತಾಗುತ್ತದೆ. ರಕ್ತ ಓಡಾಡುವುದಿಲ್ಲ. ಬಹಳ ಹೊತ್ತು ಹಾಗೇ ಇದ್ದರೆ ಆ ಭಾಗ ಸಾಯತೊಡಗುತ್ತದೆ. ಎಷ್ಟೋ ಸಲ ಪೆಟ್ಟು ಮೊದಲು ಬೀಳುವುದು ಒಳಗೆ, ಮೂಳೆಯ ಹತ್ತಿರ. ಮೇಲಿನ ಚರ್ಮದಲ್ಲಿ ಕಾಣಿಸಿಕೊಳ್ಳುವುದು ಆಮೇಲೆ. ಅದಕ್ಕೇ ಚಿಕ್ಕ ಗುರುತನ್ನೂ ಚಿಕ್ಕದು ಎಂದು ಬಿಡಬಾರದು.

ಕೈ ಹಾಕುವ ಮೊದಲು

ಬೆನ್ನುಮೂಳೆಗೆ ಪೆಟ್ಟಾಗಿದ್ದರೆ, ಸೊಂಟದ ಮೂಳೆ ಮುರಿದಿದ್ದರೆ ಅಥವಾ ಇತ್ತೀಚೆಗೆ ಅಲ್ಲಿ ಆಪರೇಷನ್ ಆಗಿದ್ದರೆ ಈ ಬರಹ ನೋಡಿಕೊಂಡು ಹೊರಳಿಸಬೇಡಿ. ಯಾವ ಮಗ್ಗುಲು ಆಗಬಹುದು, ಕಾಲನ್ನು ಹೇಗೆ ಹಿಡಿಯಬೇಕು ಎಂದು ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿ, ಅವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿಕೊಳ್ಳಿ. ಮೂಗಿನ ಅಥವಾ ಹೊಟ್ಟೆಯ ನಳಿಕೆಯಿಂದ ಆಹಾರ ಹೋಗುತ್ತಿದ್ದರೆ ಮಂಚ ಚಪ್ಪಟೆ ಮಾಡುವ ಮೊದಲು ಅದನ್ನು ನಿಲ್ಲಿಸಿ. ಮೂತ್ರದ ನಳಿಕೆ ಇದ್ದರೆ ಅದು ಎಳೆದುಕೊಳ್ಳದಂತೆ ನೋಡಿಕೊಳ್ಳಿ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇರಲಿ. ಮೈ ಭಾರದವರನ್ನು ಒಬ್ಬರೇ ಮೇಲಕ್ಕೆ ಎತ್ತಲು ಹೋಗಬೇಡಿ. ನೋಡಿಕೊಳ್ಳುವವರ ಬೆನ್ನು ಹಿಡಿದುಕೊಂಡರೆ ಇಬ್ಬರಿಗೂ ಕಷ್ಟ, ಅಲ್ವಾ?

ಮೊದಲ ಲಕ್ಷಣ: ಮಗ್ಗುಲು ಬದಲಿಸಿದಾಗ ಒಂದು ಕಡೆ ಕೆಂಪಗೆ ಅಥವಾ ಕಪ್ಪಗೆ ಕಾಣುತ್ತಿದೆ

ಇಲ್ಲಿ ಮಾಡಬೇಕಾದ ಪರೀಕ್ಷೆಗೆ ಬೆರಳೊಂದು ಸಾಕು. ಗುರುತಿನ ಮೇಲೆ ಬೆರಳಿಟ್ಟು ಮೆಲ್ಲಗೆ 3 ಸೆಕೆಂಡು ಒತ್ತಿ, ಬಿಡಿ. ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡಾಡುತ್ತಿದೆ ಎಂದರ್ಥ. ಆ ಭಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ಬಣ್ಣ ಮಾಮೂಲಿಗೆ ಬಂದಿದ್ದರೆ ಸರಿ. ಆದರೂ ಆ ಭಂಗಿಯಲ್ಲಿ ಮಲಗಿಸಿದ ಹೊತ್ತು ಅವರ ಚರ್ಮಕ್ಕೆ ಜಾಸ್ತಿಯಾಗಿದೆ ಎಂಬ ಸೂಚನೆ ಅದು. ಮುಂದಿನ ಸಲ 2 ಗಂಟೆ ಕಾಯದೆ ಒಂದೂವರೆ ಗಂಟೆಗೇ ಬದಲಿಸಿ.

ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಚರ್ಮ ಒಡೆದಿಲ್ಲ ಎಂಬುದು ಸಮಾಧಾನ ಪಡುವ ವಿಷಯ ಅಲ್ಲ. ಬಣ್ಣ ಪೂರ್ತಿ ಸರಿಯಾಗುವ ತನಕ ಆ ಭಾಗದ ಮೇಲೆ ಮಲಗಿಸಲೇಬೇಡಿ. ನರ್ಸ್‌ಗೆ ಅಥವಾ ಡಾಕ್ಟರಿಗೆ ಆವತ್ತೇ ತಿಳಿಸಿ.

ಮೈಬಣ್ಣ ಕಪ್ಪಾಗಿದ್ದರೆ ಈ ಪರೀಕ್ಷೆಯೊಂದನ್ನೇ ನಂಬಬೇಡಿ. ಕೆಂಪು ಕಾಣದೇ ಇರಬಹುದು. ಒತ್ತಿದಾಗ ಬಿಳಿಚಿಕೊಳ್ಳುವುದೂ ತಿಳಿಯದೇ ಹೋಗಬಹುದು. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಹೆಚ್ಚು ಕಪ್ಪಗೆ, ನೇರಳೆ ಅಥವಾ ನೀಲಿ ಛಾಯೆಯಲ್ಲಿ, ಕೆಲವೊಮ್ಮೆ ಮಿರುಗಿದಂತೆ ಕಾಣಬಹುದು. ಹಗಲು ಬೆಳಕಲ್ಲಿ ನೋಡುವುದು ಒಳ್ಳೆಯದು. ಬಳಿಕ ಕೈಯ ಹಿಂಬದಿ ತಾಗಿಸಿ ನೋಡಿ. ಪಕ್ಕದ ಚರ್ಮಕ್ಕಿಂತ ಬಿಸಿ ಅಥವಾ ತಣ್ಣಗೆ ಇದೆಯೇ? ಮುಟ್ಟಿದರೆ ಗಟ್ಟಿಯಾಗಿದೆಯೇ, ಇಲ್ಲವೇ ಮೆತ್ತಗೆ ಒಳಗೆ ಹೋಗುತ್ತದೆಯೇ? ಅಲ್ಲಿ ನೋವು ಅನ್ನುತ್ತಾರೆಯೇ? ಇವುಗಳಲ್ಲಿ ಒಂದು ಇದ್ದರೂ ಬಣ್ಣ ಬದಲಾಗದ ಗುರುತಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಗುರುತು ಕಂಡ ತಕ್ಷಣ ಎಣ್ಣೆ ಹಚ್ಚಿ ತಿಕ್ಕುವ ಅಭ್ಯಾಸ ಬಹಳ ಜನರಿಗೆ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಬೇಡ. ಒಳಗೆ ಆಗಲೇ ನಜ್ಜಿದ ಭಾಗ ತಿಕ್ಕಿದರೆ ಇನ್ನಷ್ಟು ಹರಿಯುತ್ತದೆ. ಬಿಸಿನೀರಿನ ಚೀಲ, ಸ್ಪಿರಿಟ್, ಪೌಡರ್ ಇವೂ ಬೇಡ.

ಎರಡನೇ ಲಕ್ಷಣ: ಗುರುತು ಉದ್ದ ಗೆರೆಯಂತೆ ಅಥವಾ ಯಾವುದೋ ವಸ್ತುವಿನ ಅಚ್ಚಿನಂತೆ ಇದೆ

ಇದು ಎಲ್ಲಕ್ಕಿಂತ ಸುಲಭದ್ದು. ಬೆಡ್‌ಶೀಟಿನ ಸುಕ್ಕು, ಬಟ್ಟೆಯ ದಪ್ಪ ಹೊಲಿಗೆ, ಗುಂಡಿ, ಡೈಪರಿನ ಅಂಚು, ತೊಡೆಯ ಕೆಳಗೆ ಸಿಕ್ಕಿದ ಮೂತ್ರದ ನಳಿಕೆ, ಯಾರೋ ಮರೆತಿಟ್ಟ ಬಾಚಣಿಗೆ. ಆಕ್ಸಿಜನ್ ನಳಿಕೆ ಇದ್ದವರಿಗೆ ಕಿವಿಯ ಹಿಂಬದಿ ಮತ್ತು ಕೆನ್ನೆ ನೋಡಬೇಕು. ಮೂಗಿಗೆ ನಳಿಕೆ ಹಾಕಿದವರಿಗೆ ಮೂಗಿನ ಹೊಳ್ಳೆ ನೋಡಬೇಕು. ಪ್ರತಿ ಸಲ ಮಗ್ಗುಲು ಬದಲಿಸಿದ ಮೇಲೆ ಮೈಯ ಕೆಳಗೆ ಒಮ್ಮೆ ಕೈ ಆಡಿಸಿದರೆ ಇವುಗಳಲ್ಲಿ ಹೆಚ್ಚಿನವು ಸಿಕ್ಕಿಬಿಡುತ್ತವೆ.

ಮೂರನೇ ಲಕ್ಷಣ: ಸರಿಯಾಗಿ ಹೊರಳಿಸುತ್ತಿದ್ದರೂ ಸೊಂಟದ ಕೆಳಗೆ, ಬಾಲದ ಮೂಳೆ ಹತ್ತಿರ ಗುರುತು

ಮನೆಯವರಿಗೆ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಒಂದು ಮನೆಯ ವಿಷಯ ಬಿಡಿಸಿ ಹೇಳುತ್ತೇನೆ.

ಪಾರ್ಶ್ವವಾಯು ಆದ ಅಜ್ಜ ಒಬ್ಬರು. ಸೊಸೆ ಮತ್ತು ಮೊಮ್ಮಗ ಸರದಿಯ ಮೇಲೆ ನೋಡಿಕೊಳ್ಳುತ್ತಾರೆ. ಗೋಡೆಗೆ ಚಾರ್ಟ್ ಅಂಟಿಸಿದ್ದಾರೆ: ಎಡ ಮಗ್ಗುಲು, ಬೆನ್ನು, ಬಲ ಮಗ್ಗುಲು, 2 ಗಂಟೆಗೊಮ್ಮೆ. ಚಾರ್ಟಿನಲ್ಲಿ ಒಂದು ಸರದಿಯೂ ತಪ್ಪಿಲ್ಲ. ಆದರೂ ಬಾಲದ ಮೂಳೆಯ ಮೇಲೆ ಗುರುತು. ಒತ್ತಿದರೆ ಬಣ್ಣ ಬದಲಾಗುತ್ತಿಲ್ಲ. ಗುರುತಿನ ಅಂಚು ಗುಂಡಗಿಲ್ಲ, ಕೆಳಗಿಂದ ಮೇಲಕ್ಕೆ ಉಜ್ಜಿದಂತೆ ಇದೆ. ಹೊಸ ಹಾಸಿಗೆ ತರಿಸೋಣವೇ ಎಂದು ಮನೆಯಲ್ಲಿ ಚರ್ಚೆ ನಡೆದಿತ್ತು.

ಉಜ್ಜಿದಂಥ ಆ ಆಕಾರವೇ ಸುಳಿವು. ಬರೀ ಭಾರ ಬಿದ್ದಿದ್ದರೆ ಗುರುತು ಮೂಳೆಯ ಮೇಲೆ ಹೆಚ್ಚುಕಮ್ಮಿ ಗುಂಡಗೆ ಬೀಳುತ್ತದೆ. ಉಜ್ಜಿದಂತಿದ್ದರೆ ಮೈ ಜಾರುತ್ತಿದೆ. ಹಾಗಾಗಿ ಆ ಮನೆಯವರನ್ನು ಹೊರಳಿಸುವುದರ ಬಗ್ಗೆ ಕೇಳಲಿಲ್ಲ. ಹೊರಳಿಸುವ ಹೊತ್ತುಗಳ ನಡುವೆ ಏನೇನು ನಡೆಯುತ್ತದೆ ಎಂದು ಕೇಳಿದ್ದು. ಆಗ ಗೊತ್ತಾಯಿತು. ಮಧ್ಯಾಹ್ನ ಊಟಕ್ಕೆ ಮಂಚದ ತಲೆಭಾಗ ಎತ್ತುತ್ತಾರೆ, ಸುಮಾರು 60 ಡಿಗ್ರಿ. ಊಟ ಮುಗಿದ ಮೇಲೂ ಅಜ್ಜನಿಗೆ ಟಿವಿ ನೋಡಬೇಕು. ಹಾಗೇ 2 ಗಂಟೆ ಕೂತಿರುತ್ತಾರೆ. ಮೆಲ್ಲಗೆ ಕೆಳಕ್ಕೆ ಜಾರುತ್ತಾರೆ. ಜಾರಿದಾಗ ಮೊಮ್ಮಗ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತಾನೆ. ಚಾರ್ಟಿನಲ್ಲಿ ಇದೆಲ್ಲಾ "ಬೆನ್ನು" ಎಂಬ ಒಂದೇ ಪದದಲ್ಲಿ ಮುಗಿದಿತ್ತು.

ಜಾರುವಾಗ ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡೇ ಇರುತ್ತದೆ. ಒಳಗಿನ ಮೂಳೆ ಮಾತ್ರ ಕೆಳಗೆ ಸರಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಎಳೆದು ಮಡಚಿಕೊಳ್ಳುತ್ತವೆ. ಅರ್ಧ ಎದ್ದು ಕೂತಾಗ ಭಾರವೆಲ್ಲ ಬಾಲದ ಮೂಳೆಯ ಮೇಲೇ ಬೀಳುತ್ತದೆ. ಆಮೇಲೆ ಎಳೆದಾಗ ಮೇಲಿನ ಚರ್ಮವೂ ಉಜ್ಜುತ್ತದೆ.

ಅವರು ಹೊಸ ಹಾಸಿಗೆ ತರಲಿಲ್ಲ. ಮಾಡಿದ್ದು ಇಷ್ಟು. ಊಟಕ್ಕೆ ಕೂರಿಸುವುದು, ಊಟವಾದ ಮೇಲೆ ಅರ್ಧ ಗಂಟೆ ಹಾಗೇ ಬಿಡುವುದು ಮುಂದುವರಿಯಿತು. ಅದನ್ನು ಬಿಡುವ ಹಾಗಿಲ್ಲ, ತಿಂದದ್ದು ಅನ್ನನಾಳದಿಂದ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇರುತ್ತದೆ. ಉಳಿದ ಹೊತ್ತಿನಲ್ಲಿ ತಲೆಭಾಗ 30 ಡಿಗ್ರಿ ಮೀರದಂತೆ ನೋಡಿಕೊಂಡರು. ತಲೆಭಾಗ ಎತ್ತುವ ಮೊದಲು ಮೊಣಕಾಲಿನ ಭಾಗ ಸ್ವಲ್ಪ ಎತ್ತಿದರು. ಹಾಗೆ ಮಾಡಿದರೆ ಮೈ ಜಾರುವುದು ಬಹಳ ಕಡಿಮೆಯಾಗುತ್ತದೆ. ಎತ್ತುವ ಮಂಚ ಇಲ್ಲದ ಮನೆಯಲ್ಲಿ ಮೊಣಕಾಲು ಮತ್ತು ತೊಡೆಯ ಕೆಳಗೆ ದಿಂಬು ಇಟ್ಟರೂ ನಡೆಯುತ್ತದೆ. ಕೂರಿಸಿದ ಮೇಲೆ ಅಜ್ಜನನ್ನು ಒಮ್ಮೆ ಮುಂದಕ್ಕೆ ಬಾಗಿಸಿ, ಮತ್ತೆ ಒರಗಿಸಿದರು. ಎಳೆದು ಹಿಡಿದಿದ್ದ ಬೆನ್ನಿನ ಚರ್ಮ ಇದರಿಂದ ಸಡಿಲವಾಗುತ್ತದೆ. ಮೇಲಕ್ಕೆ ಸರಿಸಬೇಕಾದಾಗ ಹೆಗಲಿನಿಂದ ತೊಡೆವರೆಗೆ ಅಡ್ಡಲಾಗಿ ಹಾಸಿದ ದಪ್ಪ ಬಟ್ಟೆಯನ್ನು ಇಬ್ಬರೂ ಎರಡು ಕಡೆ ಹಿಡಿದು, ಮೈಯನ್ನು ಎತ್ತಿ ಇಟ್ಟರು. ಎಳೆಯಲಿಲ್ಲ. ಗುರುತು ಹೋಗುವ ತನಕ ಚಾರ್ಟಿನಿಂದ ಬೆನ್ನಿನ ಸರದಿಯನ್ನೇ ತೆಗೆದು, ಎಡ ಮತ್ತು ಬಲ ಮಗ್ಗುಲು ಮಾತ್ರ ಉಳಿಸಿಕೊಂಡರು. ಚರ್ಮ ಒಡೆದಿರಲಿಲ್ಲವಾದ್ದರಿಂದ ಕೆಲವೇ ದಿನಗಳಲ್ಲಿ ಬಣ್ಣ ತಿಳಿಯಾಯಿತು.

ಕುರ್ಚಿಯಲ್ಲಿ ಕೂರುವವರಿಗೂ ಇದೇ ತೊಂದರೆ. ಕೂತಾಗ ಒತ್ತಡ ಮಲಗಿದ್ದಕ್ಕಿಂತ ಹೆಚ್ಚು. ಅವರಿಂದ ಆದರೆ 15 ರಿಂದ 30 ನಿಮಿಷಕ್ಕೊಮ್ಮೆ ಆಚೀಚೆ ವಾಲಲಿ, ಆಗದಿದ್ದರೆ ನೀವು ವಾಲಿಸಿ. ನಡುವೆ ತೂತಿರುವ ಉಂಗುರದಂಥ ದಿಂಬು ಮಾತ್ರ ಬೇಡ. ನೋಡಲು ಉಪಾಯದಂತೆ ಕಾಣುತ್ತದೆ, ನಿಜದಲ್ಲಿ ಅದರ ಅಂಚು ಸುತ್ತಲಿನ ರಕ್ತವನ್ನು ತಡೆಯುತ್ತದೆ.

ನಾಲ್ಕನೇ ಲಕ್ಷಣ: ತೊಡೆಯ ಹೊರಮಗ್ಗುಲಿನ ಮೂಳೆಯ ಮೇಲೆ ಗುರುತು

ಮಗ್ಗುಲಿಗೆ ಮಲಗಿಸುವಾಗ ಪೂರ್ತಿ ಪಕ್ಕಕ್ಕೆ, ಗೋಡೆಯ ಹಾಗೆ ನೇರವಾಗಿ ನಿಲ್ಲಿಸುತ್ತಿದ್ದೀರಿ. ಆಗ ಮೈಯ ಭಾರ ಸೊಂಟದ ಪಕ್ಕದ ಒಂದೇ ಮೂಳೆಯ ಮೇಲೆ ಬೀಳುತ್ತದೆ. ಬೇಕಾಗಿರುವುದು 30 ಡಿಗ್ರಿ ವಾಲುವಿಕೆ, ಅಂದರೆ ಬೆನ್ನ ಮೇಲೆ ಮಲಗಿದವರು ಸ್ವಲ್ಪವೇ ಓರೆಯಾದಷ್ಟು.

ನೀವು ನಿಂತ ಕಡೆಗೆ ಹೊರಳಿಸುವುದಾದರೆ, ನಿಮ್ಮಿಂದ ದೂರ ಇರುವ ಮೊಣಕಾಲನ್ನು ಮಡಚಿ, ಆ ಕಡೆಯ ಕೈಯನ್ನು ಎದೆಯ ಮೇಲಿಡಿ. ಹೆಗಲು ಮತ್ತು ಸೊಂಟಕ್ಕೆ ಕೈಯಿಟ್ಟು ನಿಮ್ಮ ಕಡೆಗೆ ಹೊರಳಿಸಿ. ಸ್ವಾಧೀನ ಇಲ್ಲದ ಕೈಯನ್ನು ಹಿಡಿದು ಎಳೆಯಬೇಡಿ, ಹೆಗಲ ಕೀಲು ತಪ್ಪಬಹುದು. ಬೆನ್ನ ಹಿಂದೆ ಹೆಗಲಿನಿಂದ ಸೊಂಟದವರೆಗೆ ಉದ್ದಕ್ಕೆ ದಿಂಬು ಇಟ್ಟು, ಅದರ ಮೇಲೆ ನಿಧಾನವಾಗಿ ಒರಗಲು ಬಿಡಿ. ಕೆಳಗಿನ ಹೆಗಲನ್ನು ತುಸು ಮುಂದಕ್ಕೆ ಸರಿಸಿ. ಮೊಣಕಾಲು ಮತ್ತು ಪಾದದ ಗಿಣ್ಣುಗಳು ಒಂದಕ್ಕೊಂದು ತಾಗದಂತೆ ನಡುವೆ ಇನ್ನೊಂದು ದಿಂಬು ಇಡಿ.

ಸರಿಯಾಯಿತೇ ಎಂದು ತಿಳಿಯಲು ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಿ. ಬಾಲದ ಮೂಳೆ ಹಾಸಿಗೆಯಿಂದ ಬಿಟ್ಟುಕೊಂಡಿರಬೇಕು. ಪಕ್ಕದ ಮೂಳೆ ನಿಮ್ಮ ಕೈಯನ್ನು ಒತ್ತಬಾರದು. ಎರಡರ ನಡುವಿನ ಮಾಂಸದ ಭಾಗ ಭಾರ ಹೊರಬೇಕು. ಇದು ಕೈಗೆ ಹತ್ತಲು ಸ್ವಲ್ಪ ದಿನ ಬೇಕು.

ಹೊರಳಿಸಿದರೆ ಕೂಗುತ್ತಾರೆ, ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ ಎಂದಾದರೆ ಹಟ ಎಂದುಕೊಳ್ಳಬೇಡಿ. ನೋವಿರಬಹುದು. ನೋವಿನ ಮಾತ್ರೆಯನ್ನು ಹೊರಳಿಸುವ ಹೊತ್ತಿಗೆ ಹೊಂದಿಸಿ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ.

ಐದನೇ ಲಕ್ಷಣ: ಹಿಮ್ಮಡಿ ಕೆಂಪಾಗಿದೆ, ಮೆತ್ತಗಾಗಿದೆ

ಹಿಮ್ಮಡಿಯಲ್ಲಿ ಮೂಳೆಗೆ ಮೆತ್ತೆಯಾಗುವಂಥ ಮಾಂಸವೇ ಇಲ್ಲ. ಎಷ್ಟು ಒಳ್ಳೆಯ ಹಾಸಿಗೆಯೂ ಅಲ್ಲಿ ಸಾಲದು. ಹಿಮ್ಮಡಿ ಗಾಳಿಯಲ್ಲಿ ತೇಲುತ್ತಿರಬೇಕು. ದಿಂಬನ್ನು ಮೀನಖಂಡದ ಕೆಳಗೆ ಉದ್ದಕ್ಕೆ ಇಡಿ, ಮೊಣಕಾಲು ಸ್ವಲ್ಪವೇ ಮಡಚಿರಲಿ. ಹಿಮ್ಮಡಿಗೂ ಹಾಸಿಗೆಗೂ ನಡುವೆ ಒಂದು ಕಾಗದ ಸಲೀಸಾಗಿ ಹಾದುಹೋಗಬೇಕು. ದಿಂಬನ್ನು ಹಿಮ್ಮಡಿಯ ಮೇಲಿನ ನರದ ಹತ್ತಿರ ಮಾತ್ರ ಇಟ್ಟರೆ ಅಲ್ಲೇ ಹೊಸ ಗುರುತು ಬೀಳುತ್ತದೆ. ನೀರು ತುಂಬಿಸಿದ ಗ್ಲೌಸ್ ಇಡುವ ರೂಢಿ ಬಿಟ್ಟುಬಿಡಿ. ಸಕ್ಕರೆ ಕಾಯಿಲೆ ಇರುವವರಿಗೆ ಹಿಮ್ಮಡಿ ನೋವಾಗದೇ ಇರಬಹುದು, ಹಾಗಾಗಿ ಅವರು ಹೇಳಲಿ ಎಂದು ಕಾಯದೆ ದಿನಾ ನೋಡಿ.

ಆರನೇ ಲಕ್ಷಣ: ಕುಂಡೆ, ತೊಡೆಸಂದಿಯಲ್ಲಿ ಹರಡಿದಂತೆ ಕೆಂಪು, ಉರಿ

ಇದು ಒತ್ತಡದ್ದಲ್ಲ, ಒದ್ದೆಯದ್ದು ಇರಬಹುದು. ಮೂಳೆಯ ಮೇಲೆ ಅಲ್ಲದೆ ಮಡಿಕೆಗಳಲ್ಲಿ, ಎರಡೂ ಕಡೆ, ಅಂಚು ಸ್ಪಷ್ಟವಿಲ್ಲದೆ ಹರಡಿದ್ದರೆ ಮೂತ್ರ ಮತ್ತು ಮಲ ತಾಗಿ ಆದದ್ದು. ಇದಕ್ಕೆ ಹೊರಳಿಸುವುದೊಂದೇ ಸಾಲದು. ಕೊಳೆಯಾದ ಕೂಡಲೇ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ತಿಕ್ಕದೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಅಥವಾ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ. ಮುಂದಿನ ಸಲ ಹಳೇ ಕ್ರೀಮನ್ನೆಲ್ಲ ಉಜ್ಜಿ ತೆಗೆಯಬೇಕಿಲ್ಲ, ಕೊಳೆಯಾದ ಪದರ ಹೋದರೆ ಸಾಕು. ಸುತ್ತ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳು ಎದ್ದಿದ್ದರೆ ಫಂಗಸ್ ಇರಬಹುದು, ಅದಕ್ಕೆ ಡಾಕ್ಟರ್ ಬರೆದುಕೊಡುವ ಬೇರೆ ಕ್ರೀಮ್ ಬೇಕು. ಒದ್ದೆ ಚರ್ಮ ಒತ್ತಡಕ್ಕೆ ಬೇಗ ಸೋಲುತ್ತದೆ. ಎರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಏಳನೇ ಲಕ್ಷಣ: ಏರ್ ಬೆಡ್ ಹಾಕಿದ್ದೇವೆ, ಆದರೂ ಗುರುತು

ಮೊದಲು ಪಂಪ್ ನಡೆಯುತ್ತಿದೆಯೇ, ನಳಿಕೆ ಮಡಚಿದೆಯೇ ನೋಡಿ. ಪಂಪಿನ ಗುಂಡಿಯನ್ನು ಅವರ ತೂಕಕ್ಕೆ ಹೊಂದಿಸಿದ್ದೀರಾ? ತೀರಾ ಗಟ್ಟಿಯಾದರೂ ತಪ್ಪು, ಮೆತ್ತಗಾದರೂ ತಪ್ಪು. ಆಮೇಲೆ ಕೈ ಪರೀಕ್ಷೆ: ಅವರು ಮಲಗಿರುವಾಗಲೇ ಏರ್ ಬೆಡ್ಡಿನ ಕೆಳಗೆ, ಬಾಲದ ಮೂಳೆ ಬರುವ ಜಾಗದಲ್ಲಿ ಅಂಗೈ ಮೇಲಾಗಿ ತೂರಿಸಿ. ನಿಮ್ಮ ಕೈಗೂ ಅವರ ಮೈಗೂ ನಡುವೆ ಸುಮಾರು 2.5 ಸೆಂಟಿಮೀಟರ್ ಗಾಳಿ ಉಳಿದಿರಬೇಕು. ಮೂಳೆ ನೇರ ಕೈಗೆ ತಾಗಿದಂತಾದರೆ ಅವರು ಮಲಗಿರುವುದು ಗಾಳಿಯ ಮೇಲಲ್ಲ, ಕೆಳಗಿನ ಹಾಸಿಗೆಯ ಮೇಲೆ. ತಲೆಭಾಗ ಎತ್ತಿದಾಗ ಮತ್ತೊಮ್ಮೆ ನೋಡಿ, ಆಗಲೇ ಹೆಚ್ಚು ತಳ ಮುಟ್ಟುವುದು.

ಇನ್ನೊಂದು ಸಾಮಾನ್ಯ ಕಾರಣ ಮೇಲಿನ ಹಾಸುಗಳು. ಕಂಬಳಿ, ಪ್ಲಾಸ್ಟಿಕ್, ಅದರ ಮೇಲೆ ಮಡಚಿದ ಬಟ್ಟೆ ಎಂದು ಪದರದ ಮೇಲೆ ಪದರ ಹಾಕಿದರೆ ಗಾಳಿಯ ಗುಣ ಮೈಗೆ ತಲುಪುವುದೇ ಇಲ್ಲ. ಸಡಿಲವಾಗಿ ಹಾಸಿದ ಒಂದು ಬೆಡ್‌ಶೀಟ್ ಸಾಕು. ಏರ್ ಬೆಡ್ ಇದ್ದರೂ ಹೊರಳಿಸಲೇಬೇಕು. ಒಳ್ಳೆಯ ಒತ್ತಡ ತಗ್ಗಿಸುವ ಹಾಸಿಗೆ ಇದ್ದು, ಚರ್ಮ ಚೆನ್ನಾಗಿದ್ದರೆ ರಾತ್ರಿ ಸರದಿಯನ್ನು ಮೆಲ್ಲಗೆ 3, ಮತ್ತೆ 4 ಗಂಟೆಗೆ ಹೆಚ್ಚಿಸಬಹುದು. ಇದನ್ನು ನರ್ಸ್ ಜೊತೆ ಮಾತಾಡಿ ಮಾಡಿ. ಬೆಳಿಗ್ಗೆ ಗುರುತು ಕಂಡರೆ ಹಿಂದಕ್ಕೆ ಬನ್ನಿ.

ಎಲ್ಲಾ ಸರಿಯಿದ್ದೂ ಗುರುತು ನಿಲ್ಲದಿದ್ದರೆ ಊಟದ ಕಡೆ ನೋಡಬೇಕು. ಇತ್ತೀಚೆಗೆ ಬಟ್ಟೆ ಸಡಿಲವಾಗಿದೆಯೇ? ತೂಕ ಇಳಿಯುತ್ತಿದ್ದರೆ ಮೂಳೆಯ ಮೇಲಿನ ಮೆತ್ತೆಯೂ ಇಳಿಯುತ್ತದೆ. ಹುಣ್ಣಿನ ಅಪಾಯ ಇರುವವರಿಗೆ ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 1.2 ರಿಂದ 1.5 ಗ್ರಾಂ ಪ್ರೋಟೀನ್ ಹೇಳುತ್ತಾರೆ, ಅಂದರೆ 50 ಕಿಲೋ ಇದ್ದರೆ 60 ರಿಂದ 75 ಗ್ರಾಂ. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ನಡೆಯದು, ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.

ಎಂಟನೇ ಲಕ್ಷಣ: ಗುಳ್ಳೆ ಎದ್ದಿದೆ, ಚರ್ಮ ಒಡೆದಿದೆ ಅಥವಾ ಕಪ್ಪಾಗಿದೆ

ಇಲ್ಲಿಂದ ಮುಂದೆ ಮನೆಯ ಪ್ರಯೋಗ ನಿಲ್ಲಿಸಿ. ಗುಳ್ಳೆಯನ್ನು ಚುಚ್ಚಬೇಡಿ. ಒಡೆದಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಅಥವಾ ಸಲೈನಿನಲ್ಲಿ ಮೆಲ್ಲಗೆ ತೊಳೆದು, ಅಂಟದ ಶುದ್ಧ ಡ್ರೆಸಿಂಗ್ ಮುಚ್ಚಿ, ಆವತ್ತೇ ನರ್ಸ್ ಅಥವಾ ಡಾಕ್ಟರಿಗೆ ತೋರಿಸಿ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಪುಡಿಗಳನ್ನು ಹಾಕಬೇಡಿ. ಹೊಸದಾಗಿ ಬೆಳೆಯುವ ಚರ್ಮವೂ ಅದರಲ್ಲಿ ಸಾಯುತ್ತದೆ.

ಚರ್ಮ ಒಡೆಯದೆ ಗಾಢ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಆಳದಲ್ಲಿ ಪೆಟ್ಟಾಗಿದೆ. ಕೆಲವು ದಿನಗಳಲ್ಲಿ ಒಮ್ಮೆಲೇ ಬಾಯಿ ಬಿಡಬಹುದು. ಹಿಮ್ಮಡಿಯ ಮೇಲೆ ಒಣಗಿದ, ಗಟ್ಟಿಯಾದ ಕಪ್ಪು ಹಕ್ಕಳೆ ಇದ್ದರೆ ಕೀಳಬೇಡಿ, ನೆನೆಸಬೇಡಿ, ಡಾಕ್ಟರೇ ನಿರ್ಧರಿಸಲಿ.

ಈಗಲೇ ಆಸ್ಪತ್ರೆಗೆ ಎನ್ನುವ ಚಿಹ್ನೆಗಳು: ಜ್ವರ ಅಥವಾ ನಡುಕ, ಹುಣ್ಣಿನ ಸುತ್ತ ಕೆಂಪು ಹರಡುತ್ತಾ ಹೋಗುವುದು, ಕೀವು, ಕೆಟ್ಟ ವಾಸನೆ, ಮೂಳೆ ಕಾಣುವುದು, ಇದ್ದಕ್ಕಿದ್ದಂತೆ ಗಲಿಬಿಲಿ ಅಥವಾ ಎಬ್ಬಿಸಿದರೂ ಏಳದಷ್ಟು ಮಂಪರು, ವೇಗದ ಉಸಿರು, ಮೂತ್ರ ತೀರಾ ಕಡಿಮೆಯಾಗುವುದು. ವಯಸ್ಸಾದವರಿಗೆ ಸೋಂಕು ರಕ್ತಕ್ಕೆ ಇಳಿದರೂ ಜ್ವರ ಬರದೇ ಇರಬಹುದು. ಥರ್ಮಾಮೀಟರ್ ನೋಡಿ ಸುಮ್ನೆ ಇರಬೇಡಿ.

ಫೋನ್ ಮಾಡುವಾಗ "ಬೆನ್ನಲ್ಲಿ ಏನೋ ಆಗಿದೆ" ಎಂದರೆ ಆ ಕಡೆಯವರಿಗೆ ಏನೂ ತಿಳಿಯದು. ಜಾಗ ಹೇಳಿ, ಅಳತೆ ಪಟ್ಟಿಯಲ್ಲಿ ಉದ್ದ ಅಗಲ ಸೆಂಟಿಮೀಟರಿನಲ್ಲಿ ಹೇಳಿ, ಒತ್ತಿದಾಗ ಬಣ್ಣ ಬದಲಾಗುತ್ತದೆಯೇ ಇಲ್ಲವೇ, ಚರ್ಮ ಒಡೆದಿದೆಯೇ, ವಾಸನೆ ಇದೆಯೇ, ಯಾವಾಗಿನಿಂದ ಎಂದು ಹೇಳಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ಸೇರಿಸಿ. ಅಳತೆ ಪಟ್ಟಿ ಪಕ್ಕದಲ್ಲಿಟ್ಟು ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ವಾರ ಅದೇ ಬೆಳಕಿನಲ್ಲಿ ಇನ್ನೊಂದು ತೆಗೆದರೆ ಹುಣ್ಣು ಬೆಳೆಯುತ್ತಿದೆಯೋ ಮಾಯುತ್ತಿದೆಯೋ ಹೋಲಿಸಿ ನೋಡಬಹುದು.